ಬ್ಯಾಂಕಿನಲ್ಲಿದ್ದೀಯಲ್ಲ, ಇನ್ನೇನು ಬೇಕು? ಖಾಸಗಿ ಬ್ಯಾಂಕಿನ ಕೆಲಸವನ್ನು ಮನೆಯವರಿಗೆ ತಿಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ?

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಮನೆಗಳಿಂದ ಹೊರಟು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಖಾಸಗಿ ಬ್ಯಾಂಕಿನ ಶಾಖೆಯೊಂದರಲ್ಲಿ ಮಾರಾಟದ ಹೊಣೆ ಹೊತ್ತಿರುವ ಹುಡುಗ ಹುಡುಗಿಯರಿಗಾಗಿ. ನಾನೂ ಅಂಥ ಶಾಖೆಗಳಲ್ಲಿ ದುಡಿದವನು. ಈಗ ನಮ್ಮ ಕಡೆಯ ಕಿರಿಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೆಲಸ ತಡೆಯಲಾಗುತ್ತಿಲ್ಲ ಎಂಬುದಕ್ಕಿಂತ, ಅದನ್ನು ಮನೆಯಲ್ಲಿ ಹೇಳಲಾಗುತ್ತಿಲ್ಲ ಎಂಬ ಸಂಕಟವೇ ಅವರಿಗೆ ದೊಡ್ಡದು.

ಬ್ಯಾಂಕಿನ ಕೆಲಸ ಎಂದರೆ ನಮ್ಮ ತಂದೆತಾಯಿಗೆ ಯಾಕೆ ಇಷ್ಟು ಭರವಸೆ? ಎಷ್ಟು ಹೇಳಿದರೂ ಅದು ಕದಲುವುದಿಲ್ಲವಲ್ಲ?

ಅವರ ಭರವಸೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬ್ಯಾಂಕುಗಳೇ ಬೆಳೆದ ಕರಾವಳಿ ನಮ್ಮದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ದಕ್ಷಿಣದ ಮಂಗಳೂರು, ಉಡುಪಿಯ ಕಡೆ ಹುಟ್ಟಿದವು. ದಿನವೂ ಬಾಗಿಲಿಗೆ ಬಂದು ಚಿಲ್ಲರೆ ಕಟ್ಟಿಸಿಕೊಂಡು ಹೋಗುತ್ತಿದ್ದ ಪಿಗ್ಮಿ ಏಜೆಂಟರನ್ನು ನಿಮ್ಮ ಆಯಿ ಕಣ್ಣಾರೆ ಕಂಡಿದ್ದಾರೆ. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ರಾಷ್ಟ್ರೀಕರಣಗೊಂಡವು. ಆ ನಂತರ ಊರಿಗೊಬ್ಬರೋ ಇಬ್ಬರೋ ಬ್ಯಾಂಕಿಗೆ ಸೇರಿದರು, ಮನೆ ಕಟ್ಟಿಸಿದರು, ತಂಗಿಯರ ಮದುವೆ ಮಾಡಿದರು, ನಿವೃತ್ತರಾಗಿ ಇಂದಿಗೂ ತಿಂಗಳು ತಿಂಗಳು ಪಿಂಚಣಿ ಪಡೆಯುತ್ತಿದ್ದಾರೆ. ನಿಮ್ಮ ಅಪ್ಪನ ಮನಸ್ಸಿನಲ್ಲಿರುವುದು ಆ ಮನುಷ್ಯನ ಚಿತ್ರ.

ಅಪ್ಪನಿಗೆ ಏನೂ ತಿಳಿಯುವುದಿಲ್ಲ ಎಂದು ಮಾತು ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಅವರು ಕಂಡ ಬ್ಯಾಂಕು ನಿಜ, ಆದರೆ ನೀವಿರುವ ಬ್ಯಾಂಕು ಅದಲ್ಲ. ತೋರಿಸಬೇಕಾದದ್ದು ಈ ಅಂತರವನ್ನು, ಅದನ್ನೂ ಕಾಗದಗಳ ಮೂಲಕ. ಟೆನ್ಷನ್, ಒತ್ತಡ ಎಂದರೆ ಅವರಿಗೆ ಅರ್ಥವಾಗುವುದು ಕೆಲಸ ಸ್ವಲ್ಪ ಜಾಸ್ತಿ ಇದೆ ಎಂದು ಮಾತ್ರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಲು ಕೊನೆಗೌಡರಿಗಾಗಿ ಅಲೆದಾಡಿದವರಿಗೆ, ಎ.ಸಿ. ಕೋಣೆಯಲ್ಲಿ ಕುಳಿತವನ ಕೆಲಸ ಜಾಸ್ತಿ ಎಂದರೆ ಕರಗುವ ಮನಸ್ಸು ಬರುವುದಿಲ್ಲ.

ವಿಸಿಟಿಂಗ್ ಕಾರ್ಡಿನಲ್ಲಿ ಡೆಪ್ಯುಟಿ ಮ್ಯಾನೇಜರ್ ಎಂದಿದೆ. ಅಪ್ಪ ಅದನ್ನು ಊರೆಲ್ಲ ತೋರಿಸಿದ್ದಾರೆ. ಈಗ ಏನು ಹೇಳಲಿ?

ಇದನ್ನು ಮೊದಲು ಬಿಡಿಸಬೇಕು, ಏಕೆಂದರೆ ಉಳಿದ ತಪ್ಪು ತಿಳಿವಳಿಕೆಗಳೆಲ್ಲ ಇದರ ಮೇಲೆ ನಿಂತಿವೆ. ಅಪ್ಪನ ಕಾಲದಲ್ಲಿ ಮ್ಯಾನೇಜರ್ ಎಂದರೆ ಶಾಖೆಗೆ ಒಬ್ಬರು. ಬೆಳೆಸಾಲಕ್ಕೆ ಅವರ ಸಹಿ ಬೇಕಿತ್ತು, ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯಬೇಕಿತ್ತು. ಖಾಸಗಿ ಬ್ಯಾಂಕಿನಲ್ಲಿ ಕಾಲೇಜು ಮುಗಿಸಿ ಬಂದವರಿಗೂ ಅಸಿಸ್ಟೆಂಟ್ ಮ್ಯಾನೇಜರ್, ಡೆಪ್ಯುಟಿ ಮ್ಯಾನೇಜರ್, ರಿಲೇಶನ್‌ಶಿಪ್ ಮ್ಯಾನೇಜರ್ ಎಂಬ ಹೆಸರುಗಳು ಸಿಗುತ್ತವೆ. ದುಡ್ಡಿರುವ ಗ್ರಾಹಕ ಮ್ಯಾನೇಜರ್ ಅಲ್ಲದವರೊಡನೆ ಮಾತನಾಡುವುದಿಲ್ಲ ಎಂಬುದೇ ಇದರ ಹಿಂದಿರುವ ಲೆಕ್ಕ.

ಮನೆಯಲ್ಲಿ ಮೂರು ಸಂಗತಿ ಹೇಳಿ. ನನ್ನ ಕೆಳಗೆ ಯಾರೂ ಇಲ್ಲ. ಸಾಲ ಮಂಜೂರು ಮಾಡುವ ಅಧಿಕಾರ ನನಗಿಲ್ಲ. ನನ್ನ ಕೆಲಸ ಖಾತೆ, ವಿಮೆ, ಕ್ರೆಡಿಟ್ ಕಾರ್ಡ್ ಮಾರುವುದು. ಮೂರನೆಯದನ್ನು ಹೇಳುವಾಗ ತಲೆ ತಗ್ಗಿಸಬೇಡಿ. ಮಾರಾಟ ಗೌರವದ ದುಡಿಮೆ. ಅದನ್ನು ಮುಚ್ಚಿಟ್ಟು ಅಧಿಕಾರಿಯ ಹೆಸರಿನಲ್ಲಿ ಬದುಕುವುದೇ ನಿಮ್ಮನ್ನು ಹೆಚ್ಚು ದಣಿಸುತ್ತದೆ.

ಏಳು ಲಕ್ಷ ಇಪ್ಪತ್ತು ಸಾವಿರದ ಪ್ಯಾಕೇಜು ಎಂದರೆ ತಿಂಗಳಿಗೆ ಅರವತ್ತು ಸಾವಿರ ಎಂದು ಮನೆಯಲ್ಲಿ ಲೆಕ್ಕ ಹಾಕಿದ್ದಾರೆ. ಅದು ಸರಿಯೇ?

ಕಾಗದದಲ್ಲಿ ಸರಿ, ಕೈಗೆ ಬರುವಾಗ ಅಲ್ಲ. ಒಂದು ಮಾದರಿ ಲೆಕ್ಕ ಹಾಕೋಣ. ಪ್ರತಿ ಬ್ಯಾಂಕಿನಲ್ಲಿಯೂ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಮಾತ್ರ ಇದೇ.

7,20,000 ರೂಪಾಯಿಯಲ್ಲಿ ಶೇಕಡ 20ರಷ್ಟು, ಅಂದರೆ 1,44,000 ವೇರಿಯಬಲ್ ಎಂದು ಇಟ್ಟುಕೊಳ್ಳಿ. ಗುರಿ ಮುಟ್ಟಿದರೆ ಮಾತ್ರ ಬರುವ ಹಣ ಅದು. ಉಳಿದ 5,76,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 48,000. ಅದರಲ್ಲಿ ಮೂಲವೇತನ 24,000 ಎಂದಿರಲಿ. ಬ್ಯಾಂಕು ತನ್ನ ಪಾಲಿನ ಭವಿಷ್ಯನಿಧಿಯನ್ನೂ ಈ 48,000ದೊಳಗೇ ಸೇರಿಸಿರುತ್ತದೆ. ಮೂಲವೇತನದ ಶೇಕಡ 12, ಅಂದರೆ 2,880. ಗ್ರಾಚ್ಯುಟಿಗೆಂದು ಶೇಕಡ 4.81ರಂತೆ 1,154 ರೂಪಾಯಿಯನ್ನೂ ಪ್ಯಾಕೇಜಿನಲ್ಲಿ ತೋರಿಸಲಾಗುತ್ತದೆ. ಇವೆರಡನ್ನು ಕಳೆದರೆ 43,966. ಅದರಿಂದ ನಿಮ್ಮ ಪಾಲಿನ ಭವಿಷ್ಯನಿಧಿ 2,880 ಮತ್ತು ವೃತ್ತಿ ತೆರಿಗೆ 200 ಕಡಿತವಾಗಿ ಖಾತೆಗೆ ಬೀಳುವುದು 40,886.

ಅರವತ್ತು ಸಾವಿರಕ್ಕೂ ಇದಕ್ಕೂ ನಡುವಿನ ಅಂತರ 19,114. ಇದರಲ್ಲಿ ಭವಿಷ್ಯನಿಧಿಯ 5,760 ನಿಮ್ಮದೇ ಉಳಿತಾಯ, ಅದನ್ನು ನಷ್ಟ ಎಂದು ಹೇಳಬೇಡಿ. ಗ್ರಾಚ್ಯುಟಿಯಾದರೋ ಕಾಯಂ ನೌಕರನಿಗೆ ಐದು ವರ್ಷದ ಸೇವೆ ಪೂರೈಸಿದರೆ ಸಿಗುತ್ತದೆ. ಮಾರಾಟದ ಹುದ್ದೆಯಲ್ಲಿ ಒಂದೇ ಕಡೆ ಐದು ವರ್ಷ ನಿಲ್ಲುವವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಇನ್ನು ವೇರಿಯಬಲ್‌ನ ವಿಷಯ. ಅಡಿಕೆ ತೋಟವಿರುವ ಮನೆಯವರಿಗೆ ಇದನ್ನು ಹೇಳುವುದು ಸುಲಭ: ಮರದಲ್ಲಿ ನಿಂತ ಫಸಲಿಗೆ ವರ್ಷದ ಅತಿ ಹೆಚ್ಚಿನ ದರ ಹಾಕಿ, ಅದನ್ನೇ ಆದಾಯ ಎಂದು ಬರೆದುಕೊಂಡ ಹಾಗೆ. ಕೊಯ್ದು, ಸುಲಿದು, ಒಣಗಿಸಿ, ಟೆಂಡರಿಗೆ ಇಟ್ಟ ಮೇಲಷ್ಟೇ ಕೈಗೆ ಎಷ್ಟು ಎಂದು ತಿಳಿಯುವುದು.

ಸಂಬಳದ ಚೀಟಿಯನ್ನು ಮೊಬೈಲ್ ಪರದೆಯಲ್ಲಿ ತೋರಿಸಬೇಡಿ, ಮುದ್ರಿಸಿ ಒಯ್ಯಿರಿ. ಅಪ್ಪ ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ತಾವೇ ಕೂಡಿ ಕಳೆಯಲಿ. ನೀವು ಹೇಳಿದ ಮೊತ್ತವನ್ನು ಅವರು ಅನುಮಾನಿಸಬಹುದು, ತಾವೇ ಹಾಕಿದ ಲೆಕ್ಕವನ್ನು ಅನುಮಾನಿಸುವುದಿಲ್ಲ.

ಪಿ.ಎಫ್. ಇದೆಯಲ್ಲ, ಹಾಗಾದರೆ ಪಿಂಚಣಿಯೂ ಬರುತ್ತದೆ ಎನ್ನುತ್ತಾರೆ. ಬರುತ್ತದೆಯೇ?

ಬಹುಪಾಲು ಮಂದಿಗೆ ಅವರು ಅಂದುಕೊಂಡಂಥ ಪಿಂಚಣಿ ಬರುವುದಿಲ್ಲ. ನೌಕರರ ಪಿಂಚಣಿ ಯೋಜನೆಯ ನಿಯಮ ಹೀಗಿದೆ: 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಭವಿಷ್ಯನಿಧಿಗೆ ಸೇರಿದವರ ಮೂಲವೇತನ ಆಗಲೇ 15,000ಕ್ಕಿಂತ ಹೆಚ್ಚಿದ್ದರೆ ಅವರು ಈ ಯೋಜನೆಯ ಸದಸ್ಯರೇ ಆಗುವುದಿಲ್ಲ. ಬ್ಯಾಂಕಿನ ಪಾಲೂ ಪೂರ್ತಿಯಾಗಿ ಭವಿಷ್ಯನಿಧಿಗೇ ಹೋಗುತ್ತದೆ. ಮೊದಲ ಕೆಲಸದಲ್ಲಿ ಸಂಬಳ ಕಡಿಮೆಯಿದ್ದು ಸದಸ್ಯರಾಗಿದ್ದವರಿಗೆ ಕನಿಷ್ಠ ಹತ್ತು ವರ್ಷದ ಸೇವೆಯಾದರೆ 58ನೆಯ ವಯಸ್ಸಿನಿಂದ ಪಿಂಚಣಿ ಉಂಟು. ಅದರ ಸೂತ್ರ ಸರಳ. 15,000ವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 2,143 ರೂಪಾಯಿ.

ಸೂತ್ರವನ್ನೆಲ್ಲ ಆಯಿಗೆ ಹೇಳಬೇಕಾಗಿಲ್ಲ. ಆ 2,143 ಎಂಬ ಸಂಖ್ಯೆಯೊಂದನ್ನು ಹೇಳಿ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ನೌಕರರಿಗೆ ಬರುವುದು ಎಷ್ಟೆಂದು ಅವರಿಗೆ ಗೊತ್ತೇ ಇರುತ್ತದೆ.

ನ್ಯಾಯದ ಮಾತೊಂದನ್ನು ಸೇರಿಸಬೇಕು. ಸರಕಾರಿ ಬ್ಯಾಂಕುಗಳಲ್ಲೂ 2010ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್.ಪಿ.ಎಸ್. ಮಾತ್ರ. ಅಲ್ಲೂ ಗುರಿಗಳಿವೆ, ದೂರದ ವರ್ಗಾವಣೆಗಳಿವೆ. ಅದು ಸ್ವರ್ಗ, ನನ್ನದು ನರಕ ಎಂಬಂತೆ ಹೇಳಿದರೆ ಮುಂದೊಂದು ದಿನ ಸರಕಾರಿ ಬ್ಯಾಂಕಿನಲ್ಲಿರುವ ಸೋದರಮಾವ ಬಂದು ನಿಮ್ಮ ಮಾತನ್ನು ಸುಳ್ಳಾಗಿಸುತ್ತಾರೆ.

ಹಾಗಿದ್ದರೆ ನಿಜವಾದ ವ್ಯತ್ಯಾಸ ಎಲ್ಲಿದೆ?

ಕೆಲಸದಿಂದ ತೆಗೆಯುವ ರೀತಿಯಲ್ಲಿದೆ. ಸರಕಾರಿ ಬ್ಯಾಂಕಿನಲ್ಲಿ ಕಾಯಂ ಆದವರನ್ನು ವಜಾ ಮಾಡಬೇಕಾದರೆ ಆರೋಪಪಟ್ಟಿ ಕೊಡಬೇಕು, ಇಲಾಖಾ ವಿಚಾರಣೆ ನಡೆಸಬೇಕು, ಉತ್ತರ ಹೇಳಲು ಅವಕಾಶ ನೀಡಬೇಕು. ಖಾತೆ ತೆರೆಸಲಿಲ್ಲ ಎಂಬುದು ಅಲ್ಲಿ ವಜಾಕ್ಕೆ ಕಾರಣವಾಗುವುದು ಅಪರೂಪ. ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ನೋಡಿ. ಕೊನೆಯ ಪುಟಗಳಲ್ಲೆಲ್ಲೋ ಒಂದು ಷರತ್ತು ಇರುತ್ತದೆ: ಎರಡು ಕಡೆಯಲ್ಲಿ ಯಾರೇ ಆಗಲಿ ಇಷ್ಟು ದಿನಗಳ ನೋಟಿಸು ಅಥವಾ ಅದಕ್ಕೆ ಬದಲಾಗಿ ಸಂಬಳ ಕೊಟ್ಟು ಸಂಬಂಧ ಮುಗಿಸಬಹುದು. 60 ಅಥವಾ 90 ದಿನ ಎಂದು ಇರುವುದು ಸಾಮಾನ್ಯ. ಆ ಪ್ಯಾರಾಕ್ಕೆ ಅಡ್ಡಗೆರೆ ಎಳೆದು ಅಪ್ಪನಿಗೆ ಓದಿ ಹೇಳಿ.

ಕೈಗಾದಲ್ಲೋ, ಕಾರವಾರದ ನೌಕಾನೆಲೆಯಲ್ಲೋ, ಜಿಲ್ಲಾಧಿಕಾರಿ ಕಚೇರಿಯಲ್ಲೋ ದುಡಿದ ತಂದೆಯರಿಗೆ ಸಂಬಳದ ಲೆಕ್ಕಕ್ಕಿಂತ ಈ ಒಂದು ಪ್ಯಾರಾವೇ ಸಾಕು. ಕಾಯಂ ಎಂಬುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಮಗನ ಪತ್ರದಲ್ಲಿ ಅದು ಇಲ್ಲ ಎಂದು ಓದಿದಾಗ ಅವರು ಮೌನವಾಗುತ್ತಾರೆ. ಆ ಮೌನ ಕೋಪವಲ್ಲ, ಅವಸರದಿಂದ ಮಾತು ತುಂಬಬೇಡಿ.

ಟಾರ್ಗೆಟ್ ಎಂದರೆ ಏನೆಂದು ಹೇಗೆ ಹೇಳುವುದು? ಕಷ್ಟಪಟ್ಟರೆ ಮುಟ್ಟಬಹುದಲ್ಲ ಎನ್ನುತ್ತಾರೆ.

ಕಷ್ಟಪಟ್ಟೂ ಮುಟ್ಟಲಾಗದ ಬಗೆ ಒಂದಿದೆ. ಅದನ್ನು ಒಂದೇ ಉದಾಹರಣೆಯಲ್ಲಿ ಹೇಳುವುದು ಮೇಲು.

ಉಳಿತಾಯ ಮತ್ತು ಚಾಲ್ತಿ ಖಾತೆಗಳಲ್ಲಿ ಮೂರು ತಿಂಗಳಲ್ಲಿ 30 ಲಕ್ಷದ ಬೆಳವಣಿಗೆ ತರಬೇಕೆಂದು ನಿಮಗೆ ಹೇಳಿದ್ದಾರೆ ಎನ್ನಿ. ನೀವು ಅಂಗಡಿ ಅಂಗಡಿ ಸುತ್ತಿ, ವೈದ್ಯರ ಕ್ಲಿನಿಕ್ಕಿನ ಹೊರಗೆ ಕಾದು, ಅಪಾರ್ಟ್‌ಮೆಂಟಿನ ಕೆಳಗೆ ಮೇಜು ಹಾಕಿ 34 ಲಕ್ಷ ತಂದಿರಿ. ಗುರಿ ದಾಟಿತು ಎಂದು ಯಾರಿಗಾದರೂ ಅನಿಸಬೇಕು. ಆದರೆ ಎಣಿಸುವುದು ತಂದ ಹಣವನ್ನಲ್ಲ, ಉಳಿದ ಹಣವನ್ನು. ನಿಮ್ಮ ಹೆಸರಿಗೆ ಹಂಚಿದ ಹಳೆಯ ಗ್ರಾಹಕರೊಬ್ಬರು ಕೊನೆಯ ವಾರ ಸೈಟು ಕೊಳ್ಳಲು 25 ಲಕ್ಷ ತೆಗೆದರು. ನಿವ್ವಳ ಬೆಳವಣಿಗೆ 9 ಲಕ್ಷ, ಗುರಿಯ ಶೇಕಡ 30. ಪ್ರೋತ್ಸಾಹಧನಕ್ಕೆ ಕನಿಷ್ಠ ಶೇಕಡ 80 ಆಗಿರಬೇಕೆಂದು ನಿಯಮವಿದ್ದರೆ ನಿಮಗೆ ಸಿಗುವುದು ಸೊನ್ನೆ. ಗ್ರಾಹಕರು ತಮ್ಮ ಹಣ ತೆಗೆದದ್ದು ತಪ್ಪಲ್ಲ. ನೀವು ದುಡಿಯದೆ ಇದ್ದದ್ದೂ ಅಲ್ಲ. ಆದರೂ ಸಂಜೆಯ ಕರೆಯಲ್ಲಿ ಎಲ್ಲರೆದುರು ಉತ್ತರ ಹೇಳಬೇಕಾದವರು ನೀವು.

ಇದು ಒಂದು ಸಾಲು ಮಾತ್ರ. ಸ್ಕೋರ್‌ಕಾರ್ಡಿನಲ್ಲಿ ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್, ಸಾಲದ ಅರ್ಜಿ ಎಂದು ಇನ್ನೂ ಸಾಲುಗಳಿರುತ್ತವೆ. ಒಂದರಲ್ಲಿ ಗೆದ್ದರೆ ಮತ್ತೊಂದು ಮಾಫಿಯಾಗುವುದಿಲ್ಲ. ಒಂದು ತಿಂಗಳ ಸ್ಕೋರ್‌ಕಾರ್ಡನ್ನು ಕೈಯಲ್ಲಿ ಬರೆದು ಒಯ್ಯಿರಿ. ಗ್ರಾಹಕರ ಹೆಸರು, ಖಾತೆ ಸಂಖ್ಯೆ ಇರುವ ಕಾಗದವನ್ನು ಮಾತ್ರ ಮನೆಯವರಿಗೂ ತೋರಿಸಬಾರದು.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಇಂದು ಎಷ್ಟು ತರುತ್ತೀರಿ ಎಂದು ಕೇಳುವ ಸಭೆ, ಮಧ್ಯಾಹ್ನ ಎಷ್ಟಾಯಿತು ಎಂಬ ವಾಟ್ಸ್‌ಆ್ಯಪ್ ಸಂದೇಶ, ಸಂಜೆ ಯಾಕೆ ಆಗಲಿಲ್ಲ ಎಂಬ ಕರೆ. ಹೀಗೆ ದಿನಕ್ಕೆ ಮೂರು ಬಾರಿ ಹಾಜರಿ. ನಿದ್ದೆ ಕೆಡಿಸುವುದು ಕೆಲಸದ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಮೂರನೆಯ ಕರೆ. ತಿಂಗಳ ಒಂದನೆಯ ತಾರೀಕು ಎಲ್ಲವೂ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನೂ ಹೇಳಲು ಮರೆಯಬೇಡಿ.

ಬ್ಯಾಂಕು ನಾಲ್ಕು ಗಂಟೆಗೆ ಮುಚ್ಚುತ್ತದೆ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಮತ್ತೆ ಪುರುಸೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಮುಚ್ಚುವುದು ಗ್ರಾಹಕರ ಬಾಗಿಲು. ಶಾಖೆಯ ಒಳಗಿನ ಮತ್ತು ಹೊರಗಿನ ಕೆಲಸ ಆಮೇಲೂ ನಡೆಯುತ್ತದೆ, ಏಕೆಂದರೆ ಸಂಬಳದಾರ ಗ್ರಾಹಕರು ಮನೆಯಲ್ಲಿ ಸಿಗುವುದೇ ಸಂಜೆ ಮತ್ತು ಶನಿವಾರ. ಒಂದು ದಿನ ರಾತ್ರಿ ಎಂಟಕ್ಕೆ ಶಾಖೆಯಿಂದಲೇ ವಿಡಿಯೋ ಕರೆ ಮಾಡಿ, ಸುತ್ತಲಿನ ಖಾಲಿ ಕೌಂಟರುಗಳನ್ನು ತೋರಿಸಿದರೆ ಸಾಕು. ವಾದ ಬೇಡ.

ಮಾರಿಕಾಂಬಾ ಜಾತ್ರೆಗೂ ಬರಲಿಲ್ಲ ಎಂದು ಆಯಿ ಮಾತು ಬಿಟ್ಟಿದ್ದಾರೆ. ರಜೆ ಕೊಡುವುದಿಲ್ಲ ಎಂದರೆ ನಂಬುವುದಿಲ್ಲ.

ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಬ್ಯಾಂಕಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಜನ ತೆರಿಗೆ ಉಳಿಸಲು ವಿಮೆ ಕೊಳ್ಳುವುದೂ ಆ ತಿಂಗಳುಗಳಲ್ಲೇ, ಇಡೀ ವರ್ಷದ ನಿಮ್ಮ ಶ್ರೇಣಿ ತೀರ್ಮಾನವಾಗುವುದೂ ಆಗಲೇ. ಮಾರಾಟದ ತಂಡಗಳಿಗೆ ಮಾರ್ಚಿನಲ್ಲಿ ರಜೆ ಇಲ್ಲ ಎಂಬುದು ಬರೆದಿಡದಿದ್ದರೂ ಎಲ್ಲರೂ ಪಾಲಿಸುವ ನಿಯಮ.

ಇದನ್ನು ಜಾತ್ರೆಯ ಹಿಂದಿನ ವಾರ ಹೇಳಿದರೆ ನೆಪವಾಗುತ್ತದೆ. ದೀಪಾವಳಿಗೆ ಊರಿಗೆ ಹೋದಾಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳಿಗೆ ಗುರುತು ಹಾಕಿ ಹೇಳಿ. ಜೊತೆಗೆ ಏಪ್ರಿಲ್ ಎರಡನೆಯ ವಾರ ಬರುತ್ತೇನೆ ಎಂದು ಒಂದು ತಾರೀಕು ಕೊಟ್ಟು ಅದನ್ನು ಉಳಿಸಿಕೊಳ್ಳಿ. ತಪ್ಪಿದ ಜಾತ್ರೆಯ ನೋವು ಅದರಿಂದ ಹೋಗುವುದಿಲ್ಲ. ಆದರೆ ಮಗನಿಗೆ ಊರು ಬೇಡವಾಯಿತು ಎಂಬ ಸಂಶಯ ಹೋಗುತ್ತದೆ.

ಇದನ್ನೆಲ್ಲ ಯಾವಾಗ, ಯಾವ ಕ್ರಮದಲ್ಲಿ ಹೇಳಬೇಕು?

ಶನಿವಾರ ರಾತ್ರಿ ಪಂಚಗಂಗಾ ರೈಲು ಹತ್ತಿ ಭಾನುವಾರ ಬೆಳಿಗ್ಗೆ ಕಾರವಾರ ತಲುಪಿ, ಅದೇ ಸಂಜೆ ಹಿಂದಿರುಗುವ ಪ್ರಯಾಣದಲ್ಲಿ ಈ ಮಾತು ಎತ್ತಬೇಡಿ. ಅರ್ಧ ಹೇಳಿ ಹೊರಟರೆ ಉಳಿದರ್ಧವನ್ನು ಅವರು ಭಯದಿಂದ ತುಂಬಿಕೊಳ್ಳುತ್ತಾರೆ. ಕನಿಷ್ಠ ಎರಡು ರಾತ್ರಿ ಮನೆಯಲ್ಲಿ ಉಳಿಯುವಂತಿದ್ದಾಗ ಹೇಳಿ. ಮೊದಲ ಸಂಜೆ ಸಂಬಳದ ಚೀಟಿ, ಅಷ್ಟೇ. ಮಾರನೆಯ ದಿನ ನೇಮಕಾತಿ ಪತ್ರದ ಪ್ಯಾರಾ ಮತ್ತು ಸ್ಕೋರ್‌ಕಾರ್ಡ್. ಹಣದ ಮಾತನ್ನು ಮೊದಲಿಡಲು ಕಾರಣವಿದೆ. ಅದನ್ನು ಯಾರೂ ಸೋಮಾರಿತನ ಎಂದು ತಳ್ಳಿಹಾಕಲಾರರು.

ಕೆಲಸ ಬಿಡುತ್ತೇನೆ ಎಂಬುದನ್ನು ಇದೇ ಭೇಟಿಯಲ್ಲಿ ಹೇಳಬೇಡಿ. ಹೇಳಿದರೆ ಮೂರೂ ಕಾಗದಗಳು ಬಿಡಲು ಹುಡುಕಿದ ಕಾರಣಗಳಂತೆ ಕಾಣುತ್ತವೆ. ಅವರ ಕಡೆಯಿಂದ ಬರುವ ಮಾತು ಬಹಳಷ್ಟು ಸಲ ಹೀಗಿರುತ್ತದೆ: “ತಮ್ಮಾ, ಎಲ್ಲ ಕಡೆಯೂ ಕಷ್ಟ ಇದ್ದದ್ದೇ. ನಾವೇನು ಸುಖದಲ್ಲಿ ಬೆಳೆಸಿದೆವಾ?” ಇದಕ್ಕೆ ನಿಮ್ಮ ಕಷ್ಟ ಬೇರೆ, ನನ್ನದು ಬೇರೆ ಎಂದು ಹೋಲಿಕೆಗೆ ಇಳಿಯಬೇಡಿ. “ಹೌದು ಅಪ್ಪ. ನೀವು ಪಟ್ಟ ಕಷ್ಟಕ್ಕೆ ತೋಟ ಉಳಿಯಿತು. ನಾನು ಈ ತಿಂಗಳು ಪಟ್ಟದ್ದು ಮುಂದಿನ ತಿಂಗಳಿಗೆ ಲೆಕ್ಕಕ್ಕಿಲ್ಲ. ಅದನ್ನು ನಿಮಗೆ ತಿಳಿಸಬೇಕು ಎಂದು ಬಂದೆ,” ಎನ್ನಿ. ಆಯಿ ಅಡುಗೆಮನೆಯಿಂದ ಕೇಳುತ್ತಲೇ ಇರುತ್ತಾರೆ. ಅವರನ್ನೂ ಜಗಲಿಗೆ ಕರೆದು ಕೂರಿಸಿಯೇ ಮಾತನಾಡಿ, ಏಕೆಂದರೆ ನೀವು ಹೋದ ಮೇಲೆ ಅಪ್ಪನೊಡನೆ ಈ ಮಾತನ್ನು ಮುಂದುವರಿಸುವವರು ಅವರೇ.

ತಿಂಗಳ ಕೊನೆಗೆ ವಿಮೆಯ ಗುರಿ ತುಂಬಲು ಅಪ್ಪನ ಹೆಸರಿನಲ್ಲೇ ಪಾಲಿಸಿ ಮಾಡಿಸಲೇ ಎಂದು ಯೋಚಿಸುತ್ತಿದ್ದೇನೆ.

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅಡಿಕೆ ಮಾರಿದ ಹಣ, ಅಮ್ಮನ ಠೇವಣಿ, ಚಿಕ್ಕಪ್ಪನ ನಿವೃತ್ತಿಯ ಗಂಟು ಇವುಗಳ ಮೇಲೆ ಶಾಖೆಯ ಕಣ್ಣು ಬೀಳುವುದು ನಿಮ್ಮ ಮೂಲಕ. ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕಾದ ಪಾಲಿಸಿಯೊಂದು ನಿಮ್ಮ ಒಂದು ತಿಂಗಳನ್ನು ಉಳಿಸುತ್ತದೆ, ಅಪ್ಪನನ್ನು ಹತ್ತು ವರ್ಷ ಕಟ್ಟಿಹಾಕುತ್ತದೆ. ಎರಡನೆಯ ಕಂತಿನ ಹೊತ್ತಿಗೆ ನೀವು ಆ ಬ್ಯಾಂಕಿನಲ್ಲಿ ಇರುತ್ತೀರೋ ಇಲ್ಲವೋ ತಿಳಿಯದು. ಮಧ್ಯದಲ್ಲಿ ನಿಲ್ಲಿಸಿದರೆ, ಅದರಲ್ಲೂ ಆರಂಭದ ವರ್ಷಗಳಲ್ಲಿ, ಕಟ್ಟಿದ ಹಣದ ದೊಡ್ಡ ಭಾಗ ಕೈಬಿಟ್ಟು ಹೋಗಬಹುದು.

ಈಗಾಗಲೇ ಮಾಡಿಸಿ ಆಗಿದ್ದರೆ ದಾಖಲೆ ಕೈಸೇರಿದ ದಿನಾಂಕ ನೋಡಿ. ಪಾಲಿಸಿ ಪತ್ರ ತಲುಪಿದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಿಲ್ಲ ಎಂದು ವಿಮಾ ಕಂಪನಿಗೆ ಬರೆದು ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ಸ್ಟ್ಯಾಂಪು ಶುಲ್ಕದಂಥ ಸಣ್ಣ ಖರ್ಚು ಕಳೆದು ಉಳಿದ ಕಂತು ವಾಪಸು ಬರುತ್ತದೆ. ನಿಮ್ಮ ಮೇಲಿನವರು ಸಿಟ್ಟಾಗುತ್ತಾರೆ, ಆಗಲಿ. ಅವಧಿ ಮೀರಿದ್ದರೆ ಅಪ್ಪನ ಮುಂದೆ ಪಾಲಿಸಿಯನ್ನು ತೆರೆದಿಟ್ಟು ಕಂತು ಎಷ್ಟು ವರ್ಷ, ಕೊನೆಗೆ ಬರುವುದೆಷ್ಟು ಎಂದು ಉಳಿದ ಗ್ರಾಹಕರಿಗೆ ಹೇಳುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಹೇಳಿ.

ಇದೇ ಸಂದರ್ಭ ಒತ್ತಡವನ್ನು ವಿವರಿಸುವ ಅತ್ಯಂತ ಪ್ರಾಮಾಣಿಕ ದಾರಿಯೂ ಹೌದು. ನಿಮ್ಮ ಹಣವನ್ನು ತಂದು ಹಾಕು ಎಂದು ನನ್ನನ್ನು ಕೇಳುತ್ತಿದ್ದಾರೆ, ನಾನು ಒಪ್ಪುತ್ತಿಲ್ಲ, ಅದಕ್ಕೇ ಬೈಗುಳ ಎಂದು ಹೇಳಿ ನೋಡಿ. ಯಾವ ತಂದೆಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿ.ಐ.ಪಿ.ಯಲ್ಲಿ ಹಾಕಿದ್ದಾರೆ. ಮನೆಯಲ್ಲಿ ಹೇಳಬೇಕೇ?

ಹೇಳಬೇಕು. ಇದರ ಹೆಸರು ಸುಧಾರಣಾ ಯೋಜನೆ, ನಡೆಯುವುದು ಸಾಮಾನ್ಯವಾಗಿ ಹೀಗೆ. ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಇಮೇಲಿನಲ್ಲಿ ಎಚ್ಚರಿಕೆ, ನಂತರ ಒಂದರಿಂದ ಮೂರು ತಿಂಗಳ ಗಡುವು ಮತ್ತು ಅದಕ್ಕೊಂದು ಗುರಿ. ಆ ಗುರಿ ಹಳೆಯ ಗುರಿಗಿಂತ ಕಡಿಮೆಯಿದ್ದು, ವಾರಕ್ಕೊಮ್ಮೆ ಕುಳಿತು ಸಹಾಯ ಮಾಡುತ್ತಿದ್ದರೆ ಉಳಿಸಿಕೊಳ್ಳುವ ಮನಸ್ಸಿದೆ ಎಂದು ತಿಳಿಯಬಹುದು. ಮುಟ್ಟಲಾಗದ ಅದೇ ಗುರಿಯನ್ನು ಮತ್ತೆ ಕೊಟ್ಟು, ನಿಮ್ಮ ಗ್ರಾಹಕರನ್ನು ಬೇರೆಯವರಿಗೆ ಹಂಚಲು ಶುರು ಮಾಡಿದ್ದರೆ ತೀರ್ಮಾನ ಆಗಿಹೋಗಿದೆ.

ಕೊನೆಯಲ್ಲಿ ನೀವೇ ರಾಜೀನಾಮೆ ಬರೆದುಕೊಡಿ, ಒಳ್ಳೆಯ ಪತ್ರ ಕೊಟ್ಟು ಕಳಿಸುತ್ತೇವೆ ಎನ್ನುತ್ತಾರೆ. ಕಾಗದದ ಮೇಲೆ ಆಗ ಅದು ನೀವಾಗಿಯೇ ಬಿಟ್ಟ ಕೆಲಸ. ಮನೆಯವರು ಮೊದಲ ಸುದ್ದಿಯಾಗಿ ಆ ಕಾಗದವನ್ನು ಕಂಡರೆ, ಕೈಯಲ್ಲಿದ್ದ ಒಳ್ಳೆಯ ನೌಕರಿ ಬಿಟ್ಟು ಬಂದ ಎಂದೇ ಓದಿಕೊಳ್ಳುತ್ತಾರೆ, ಆಮೇಲೆ ಏನು ಹೇಳಿದರೂ ಸಬೂಬಾಗುತ್ತದೆ. ಎಚ್ಚರಿಕೆಯ ಇಮೇಲ್ ಬಂದ ವಾರದಲ್ಲೇ ಹೇಳಬೇಕಾದದ್ದು ಇದಕ್ಕಾಗಿ.

ನೆಂಟರು, ಮದುವೆಯ ಮಾತು?

ಬ್ಯಾಂಕ್ ಮ್ಯಾನೇಜರ್ ಎಂದು ಜಾತಕದ ಜೊತೆ ಬರೆದು ಹಂಚಿದ್ದರೆ ಅದನ್ನು ಈಗಲೇ ತಿದ್ದಿಸಿ. ಖಾಸಗಿ ಬ್ಯಾಂಕ್, ಮಾರಾಟ ವಿಭಾಗ, ಕೈಗೆ ಬರುವ ಸಂಬಳ ಇಷ್ಟು. ಮದುವೆಯಾಗಿ ಬರುವವರಿಗೆ ಪ್ಯಾಕೇಜು ಹೇಳಿ 40,886 ತೋರಿಸುವುದು ಅನ್ಯಾಯ.

ರಾತ್ರಿ ನಿದ್ದೆಯಿಲ್ಲ, ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಇದನ್ನೂ ಮನೆಯಲ್ಲಿ ಹೇಳಲೇ?

ಮೊದಲು ವೈದ್ಯರಿಗೆ ಹೇಳಿ, ಮನೆಯವರಿಗೆ ಅದರ ನಂತರ. ಎದೆನೋವನ್ನು ಟೆನ್ಷನ್ ಎಂದು ನೀವೇ ತೀರ್ಮಾನಿಸಬೇಡಿ, ಪರೀಕ್ಷೆ ಮಾಡಿಸಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಭಾನುವಾರ ಸಂಜೆಯಾಗುತ್ತಿದ್ದಂತೆ ವಾಂತಿ ಬಂದಂತಾಗುತ್ತಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ 14416 ಸಂಖ್ಯೆಗೆ ಕರೆ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ಅಪ್ಪ ಆಯಿಗೆ ಹೇಳುವಾಗ ವೈದ್ಯರು ಬರೆದುಕೊಟ್ಟ ಚೀಟಿ ಕೈಯಲ್ಲಿರಲಿ. ಡಾಕ್ಟರು ಹೀಗೆ ಹೇಳಿದರು ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಈಗಲೂ ತೂಕವಿದೆ.

ಬಿಡುವುದೆಂದು ನಿಶ್ಚಯಿಸಿದ್ದೇನೆ. ಅಪ್ಪ, ಐ.ಬಿ.ಪಿ.ಎಸ್. ಪರೀಕ್ಷೆ ಬರೆದು ಸರಕಾರಿ ಬ್ಯಾಂಕಿಗೆ ಸೇರು ಎನ್ನುತ್ತಿದ್ದಾರೆ.

ಅವರ ಸಲಹೆಯನ್ನು ವಯಸ್ಸಿನ ಲೆಕ್ಕದಿಂದ ನೋಡಿ. ಸಾಮಾನ್ಯ ವರ್ಗದವರಿಗೆ ಕ್ಲರ್ಕ್ ಹುದ್ದೆಗೆ 28, ಪ್ರೊಬೇಷನರಿ ಆಫೀಸರ್ ಹುದ್ದೆಗೆ 30 ಗರಿಷ್ಠ ಮಿತಿ. ಹಿಂದುಳಿದ ವರ್ಗಕ್ಕೆ ಮೂರು, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ನೀವು 26 ಆಗಿದ್ದರೆ ಅಪ್ಪ ಹೇಳುವುದರಲ್ಲಿ ಅರ್ಥವಿದೆ, ಒಂದು ವರ್ಷ ಅದಕ್ಕೇ ಇಡಬಹುದು. 31 ದಾಟಿದ ಸಾಮಾನ್ಯ ವರ್ಗದವರಾದರೆ ಆ ಬಾಗಿಲು ಮುಚ್ಚಿದೆ. ಅದನ್ನು ಅಧಿಸೂಚನೆ ಓದಿ ತೋರಿಸಿ, ಇಲ್ಲವಾದರೆ ಅವರು ಪ್ರತಿ ಹಬ್ಬಕ್ಕೂ ಅದನ್ನೇ ಕೇಳುತ್ತಾರೆ.

ಬಿಡುವ ಮೊದಲು ಲೆಕ್ಕ ಮನೆಯವರ ಎದುರೇ ಆಗಲಿ. ನೋಟಿಸು 90 ದಿನವಾಗಿದ್ದು ನೀವು 30ನೆಯ ದಿನಕ್ಕೆ ಹೊರಟರೆ ಉಳಿದ 60 ದಿನಗಳ ಸಂಬಳವನ್ನು ಕೇಳಬಹುದು. ಅದು ಒಟ್ಟು ಸಂಬಳದ ಮೇಲೋ ಮೂಲವೇತನದ ಮೇಲೋ ಎಂದು ಪತ್ರದಲ್ಲಿ ನೋಡಿ. ನಮ್ಮ ಮಾದರಿಯಲ್ಲಿ ಮೂಲವೇತನದ ಮೇಲಾದರೆ 48,000. ವೇರಿಯಬಲ್ ಕೊಡುವ ದಿನ ನೌಕರಿಯಲ್ಲಿದ್ದವರಿಗೆ ಮಾತ್ರ ಎಂಬ ಷರತ್ತು ಇದ್ದರೆ ರಾಜೀನಾಮೆಯ ತಾರೀಕನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಬಿಡುಗಡೆ ಪತ್ರವನ್ನೂ ಕೊನೆಯ ಮೂರು ತಿಂಗಳ ಸಂಬಳದ ಚೀಟಿಗಳನ್ನೂ ಕಚೇರಿಯ ಇಮೇಲ್ ಮುಚ್ಚುವ ಮೊದಲೇ ಪಡೆದುಕೊಳ್ಳಿ. ಭವಿಷ್ಯನಿಧಿಯನ್ನು ಒಡೆಯಬೇಡಿ, ಹೊಸ ಕೆಲಸ ಸಿಕ್ಕ ಮೇಲೆ ಅದೇ ಯು.ಎ.ಎನ್. ಸಂಖ್ಯೆಯಲ್ಲಿ ವರ್ಗಾಯಿಸಿಕೊಳ್ಳಿ. ಮನೆಗೆ ಕಳಿಸುವ ಹಣ ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಮಾತ್ರ ಅಂದಾಜಿನಲ್ಲಿ ಬಿಡದೆ, ತಿಂಗಳ ಹೆಸರು ಹೇಳಿ ಅಪ್ಪನಿಗೆ ತಿಳಿಸಿ. ತೋಟದ ಕೂಲಿಗೋ ತಂಗಿಯ ಶುಲ್ಕಕ್ಕೋ ಅವರು ಆ ಹಣವನ್ನು ಈಗಾಗಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ.